ಚರ್ಚಿಸಿ, ಮೌಲ್ಯಮಾಪನ ಮಾಡಿ, ಸಮರ್ಥಿಸಿ: ಒಂದೇ ವಿಷಯ, ಮೂರು ಬೇರೆ ಉತ್ತರ

ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಲು ಕುಳಿತವರು ಪ್ರಶ್ನೆಯಲ್ಲಿ ಮೊದಲು ಹುಡುಕುವುದು ವಿಷಯದ ಹೆಸರನ್ನು. ‘ವರ್ಸೇಲ್ಸ್ ಒಪ್ಪಂದ’ ಎಂಬ ಎರಡು ಪದ ಕಣ್ಣಿಗೆ ಬಿದ್ದೊಡನೆ ಆ ಅಧ್ಯಾಯದಲ್ಲಿ ಓದಿದ್ದೆಲ್ಲ ಮನಸ್ಸಿನಲ್ಲಿ ಸಾಲುಗಟ್ಟುತ್ತದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ, ಏನು ಮಾಡಬೇಕು ಎಂದು ಹೇಳುವ ಪದವನ್ನು ತಲುಪುವ ವೇಳೆಗೆ ಏನು ಬರೆಯಬೇಕೆಂಬುದನ್ನು ವಿದ್ಯಾರ್ಥಿ ಆಗಲೇ ನಿರ್ಧರಿಸಿಬಿಟ್ಟಿರುತ್ತಾನೆ. ಹೀಗಾಗಿ ‘ಚರ್ಚಿಸಿ’ ಎಂದಿದ್ದರೂ, ‘ಮೌಲ್ಯಮಾಪನ ಮಾಡಿ’ ಎಂದಿದ್ದರೂ, ‘ಸಮರ್ಥಿಸಿ’ ಎಂದಿದ್ದರೂ ಉತ್ತರಪತ್ರಿಕೆಗೆ ಇಳಿಯುವುದು ಒಂದೇ ಉತ್ತರ. ಅದರಲ್ಲಿರುವ ಮಾಹಿತಿ ಸರಿಯಾಗಿಯೇ ಇದ್ದರೂ ಅಂಕ ಅರ್ಧದಲ್ಲಿ ನಿಲ್ಲುತ್ತದೆ, ಮತ್ತು ಯಾಕೆ ನಿಂತಿತು ಎಂಬುದು ಬರೆದವನಿಗೆ ತಿಳಿಯುವುದಿಲ್ಲ.

ಪ್ರಶ್ನೆಯ ಕೊನೆಯಲ್ಲಿ ಬರುವ ಈ ಕ್ರಿಯಾಪದವನ್ನು ಇಲ್ಲಿ ಸೂಚನಾಪದ ಎಂದು ಕರೆಯುತ್ತೇನೆ. ಅದು ಬರಿಯ ಶೈಲಿಯ ಮಾತಲ್ಲ. ಅಂತರರಾಷ್ಟ್ರೀಯ ಬ್ಯಾಕಲಾರಿಯೆಟ್, ಕೇಂಬ್ರಿಜ್ ಇಂಟರ್‌ನ್ಯಾಷನಲ್‌ನಂಥ ಪರೀಕ್ಷಾ ಸಂಸ್ಥೆಗಳು ತಮ್ಮ ಪಠ್ಯಕ್ರಮದ ದಾಖಲೆಗಳಲ್ಲಿ ಇಂಥ ಪದಗಳ ಪಟ್ಟಿಯನ್ನೂ ಪ್ರತಿಯೊಂದರ ಅರ್ಥವನ್ನೂ ಪ್ರಕಟಿಸುತ್ತವೆ. ಬ್ಯಾಕಲಾರಿಯೆಟ್‌ನ ಪಟ್ಟಿಯ ತಾತ್ಪರ್ಯವನ್ನು ಹೇಳುವುದಾದರೆ, ಚರ್ಚಿಸುವುದೆಂದರೆ ಹಲವು ವಾದಗಳನ್ನು, ಅಂಶಗಳನ್ನು ಅಥವಾ ಊಹೆಗಳನ್ನು ಒಳಗೊಂಡ ಸಮತೋಲನದ ಪರಿಶೀಲನೆಯನ್ನು ಮುಂದಿಡುವುದು. ಮೌಲ್ಯಮಾಪನ ಮಾಡುವುದೆಂದರೆ ಬಲವನ್ನೂ ಮಿತಿಯನ್ನೂ ತೂಗಿ ಬೆಲೆ ಕಟ್ಟುವುದು. ಸಮರ್ಥಿಸುವುದೆಂದರೆ ಒಂದು ಉತ್ತರಕ್ಕೆ ಅಥವಾ ತೀರ್ಮಾನಕ್ಕೆ ಸಲ್ಲುವ ಕಾರಣ ಇಲ್ಲವೆ ಪುರಾವೆಗಳನ್ನು ಕೊಡುವುದು. ಈ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಮುಖ್ಯವಾದ ವ್ಯತ್ಯಾಸ ಕಾಣುತ್ತದೆ. ಚರ್ಚೆಯಲ್ಲಿ ತೀರ್ಪು ಕೊನೆಗೆ ಬರುತ್ತದೆ, ಅದು ಸೌಮ್ಯವಾಗಿಯೂ ಇರಬಹುದು. ಮೌಲ್ಯಮಾಪನದಲ್ಲಿ ತೀರ್ಪೇ ಉತ್ತರದ ಗುರಿ. ಸಮರ್ಥನೆಯಲ್ಲಿ ತೀರ್ಪು ಮೊದಲೇ ಇರುತ್ತದೆ. ಪ್ರಶ್ನೆಯೇ ಅದನ್ನು ಕೊಟ್ಟಿರುತ್ತದೆ, ಇಲ್ಲವೆ ನೀವು ಮೊದಲ ಸಾಲಿನಲ್ಲೇ ಆರಿಸಿಕೊಂಡಿರುತ್ತೀರಿ. ತೀರ್ಪು ಎಲ್ಲಿದೆ ಎಂಬ ಈ ಒಂದು ಪ್ರಶ್ನೆಯನ್ನು ಕೇಳಿಕೊಂಡರೆ ಉತ್ತರದ ಆಕಾರದ ಬಹುಪಾಲು ತಾನಾಗಿಯೇ ನಿರ್ಧಾರವಾಗುತ್ತದೆ.

ವ್ಯತ್ಯಾಸವನ್ನು ಹತ್ತಿರದಿಂದ ನೋಡಲು ಒಂದೇ ವಿಷಯವನ್ನು ಮೂರು ಸೂಚನಾಪದಗಳ ಅಡಿಯಲ್ಲಿ ಇಟ್ಟು ನೋಡೋಣ. ಪ್ರಶ್ನೆಗಳು ಹೀಗಿರಲಿ. ಮೊದಲನೆಯದು: ‘ಜರ್ಮನಿಯಲ್ಲಿ ನಾಜಿ ಪಕ್ಷಕ್ಕೆ ಜನಬೆಂಬಲ ಬೆಳೆದುದರಲ್ಲಿ ವರ್ಸೇಲ್ಸ್ ಒಪ್ಪಂದದ ಪಾತ್ರವನ್ನು ಚರ್ಚಿಸಿ.’ ಎರಡನೆಯದು ಅದೇ ವಾಕ್ಯ, ಕೊನೆಯ ಪದದ ಬದಲು ‘ಮೌಲ್ಯಮಾಪನ ಮಾಡಿ’. ಮೂರನೆಯದು: ‘ನಾಜಿ ಪಕ್ಷಕ್ಕೆ ಜನಬೆಂಬಲ ಬೆಳೆಯಲು ವರ್ಸೇಲ್ಸ್ ಒಪ್ಪಂದಕ್ಕಿಂತ ಆರ್ಥಿಕ ಮಹಾಕುಸಿತವೇ ಹೆಚ್ಚಿನ ಕಾರಣ. ಈ ಹೇಳಿಕೆಯನ್ನು ಸಮರ್ಥಿಸಿ.’

ಮೂರಕ್ಕೂ ಬೇಕಾದ ಸಾಮಗ್ರಿ ಒಂದೇ. ಮೊದಲ ಮಹಾಯುದ್ಧದ ನಂತರ 1919ರ ಜೂನ್ 28ರಂದು ಸಹಿಯಾದ ಒಪ್ಪಂದ ಜರ್ಮನಿಯ ಸೈನ್ಯವನ್ನು ಒಂದು ಲಕ್ಷಕ್ಕೆ ಇಳಿಸಿತು. ಅದರ 231ನೆಯ ವಿಧಿ ಯುದ್ಧದ ಹೊಣೆಯನ್ನು ಜರ್ಮನಿ ಮತ್ತು ಅದರ ಮಿತ್ರರ ಮೇಲೆ ಹೊರಿಸಿತು. 1921ರಲ್ಲಿ ಯುದ್ಧ ಪರಿಹಾರದ ಮೊತ್ತ 13,200 ಕೋಟಿ ಚಿನ್ನದ ಮಾರ್ಕ್ ಎಂದು ನಿಗದಿಯಾಯಿತು. 1923ರಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ಪಡೆಗಳು ರೂರ್ ಪ್ರದೇಶವನ್ನು ಆಕ್ರಮಿಸಿಕೊಂಡವು, ಅದೇ ವರ್ಷ ಹಣದುಬ್ಬರ ಮಾರ್ಕ್ ನೋಟನ್ನು ಬೆಲೆಯಿಲ್ಲದ ಕಾಗದವಾಗಿಸಿತು. 1924ರ ಡಾಸ್ ಯೋಜನೆಯಿಂದ ಪರಿಹಾರದ ಕಂತುಗಳು ಹಗುರವಾದವು, ಅಮೆರಿಕದ ಸಾಲ ಹರಿದುಬಂತು, 1926ರಲ್ಲಿ ಜರ್ಮನಿ ರಾಷ್ಟ್ರಸಂಘವನ್ನು ಸೇರಿತು. 1929ರಲ್ಲಿ ಆರ್ಥಿಕ ಮಹಾಕುಸಿತ ಆರಂಭವಾಯಿತು. 1932ರ ಆರಂಭದ ಹೊತ್ತಿಗೆ ಜರ್ಮನಿಯಲ್ಲಿ ನಿರುದ್ಯೋಗಿಗಳ ಸಂಖ್ಯೆ 60 ಲಕ್ಷದಷ್ಟಿತ್ತು. ಚುನಾವಣೆಗಳಲ್ಲಿ ನಾಜಿ ಪಕ್ಷ ಪಡೆದ ಮತ 1928ರ ಮೇ ತಿಂಗಳಲ್ಲಿ ಶೇಕಡಾ 2.6, 1930ರ ಸೆಪ್ಟೆಂಬರ್‌ನಲ್ಲಿ ಶೇಕಡಾ 18.3, 1932ರ ಜುಲೈನಲ್ಲಿ ಶೇಕಡಾ 37.3. ಇಷ್ಟು ಗೊತ್ತಿರುವ ವಿದ್ಯಾರ್ಥಿಯ ಬಳಿ ಸಾಮಗ್ರಿಯ ಕೊರತೆಯಿಲ್ಲ. ಉತ್ತರ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದು ಈ ಸಾಮಗ್ರಿಯಿಂದ ಏನು ಕೆಲಸ ಮಾಡಿಸಿದ್ದೀರಿ ಎಂಬುದರ ಮೇಲೆ ನಿಂತಿದೆ.

ಚರ್ಚಿಸಿ

ಚರ್ಚೆಯ ಪ್ರಶ್ನೆ ಬಯಸುವುದು ವಿಷಯದ ಹಲವು ಮುಖಗಳನ್ನು, ಅವು ಒಂದಕ್ಕೊಂದು ಹೇಗೆ ತಾಗುತ್ತವೆ ಎಂಬ ತಿಳಿವಳಿಕೆಯೊಡನೆ. ಮೊದಲ ಪ್ರಶ್ನೆಗೆ ಉತ್ತರಿಸುವವನು ಒಪ್ಪಂದ ಹುಟ್ಟಿಸಿದ ಅವಮಾನದ ಭಾವನೆಯನ್ನೂ, ಪರಿಹಾರದ ಹೊರೆಯನ್ನೂ, ಒಪ್ಪಂದಕ್ಕೆ ಸಹಿ ಹಾಕಿದ ಜರ್ಮನಿಯ ವೈಮಾರ್ ಗಣರಾಜ್ಯದ ಮೇಲೆ ಬಿದ್ದ ಕಳಂಕವನ್ನೂ ಒಂದೆಡೆ ಹೇಳಬೇಕು. ಇನ್ನೊಂದೆಡೆ, 1924ರಿಂದ 1928ರವರೆಗೆ ಒಪ್ಪಂದ ಜಾರಿಯಲ್ಲಿದ್ದರೂ ಪಕ್ಷ ಮೇಲೇಳಲಿಲ್ಲ ಎಂಬುದನ್ನೂ, ಬೆಂಬಲದ ಜಿಗಿತ ಆರ್ಥಿಕ ಕುಸಿತದ ನಂತರ ಬಂದದ್ದನ್ನೂ ಹೇಳಬೇಕು. ಇಲ್ಲಿಯವರೆಗೆ ಹೆಚ್ಚಿನವರು ಸರಿಯಾಗಿಯೇ ಬರೆಯುತ್ತಾರೆ. ಮೊದಲು ಪರವಾದ ಅಂಶಗಳು, ಆಮೇಲೆ ವಿರೋಧದ ಅಂಶಗಳು, ಕೊನೆಗೆ ‘ಹೀಗೆ ಒಪ್ಪಂದವು ಒಂದು ಮುಖ್ಯ ಪಾತ್ರ ವಹಿಸಿತು’ ಎಂಬ ಒಂದು ಸಾಲು. ಆದರೆ ಇದು ಎರಡು ಪಟ್ಟಿಗಳೇ ಹೊರತು ಚರ್ಚೆಯಲ್ಲ.

ಪಟ್ಟಿ ಚರ್ಚೆಯಾಗುವುದು ಒಂದು ಅಂಶ ಇನ್ನೊಂದಕ್ಕೆ ಉತ್ತರ ಕೊಟ್ಟಾಗ. ಉದಾಹರಣೆಗೆ ಪರಿಹಾರದ ಹೊರೆಯ ಬಗ್ಗೆ ಬರೆದ ಮೇಲೆ ಮುಂದಿನ ವಾಕ್ಯವೃಂದ ಹೀಗೆ ಆರಂಭವಾಗಲಿ: ‘ಪರಿಹಾರದ ಕಂತುಗಳು 1924ರ ನಂತರ ಹಗುರವಾದುದರಿಂದ ಆರ್ಥಿಕ ಹೊರೆಯೊಂದೇ ಅಸಮಾಧಾನವನ್ನು ವಿವರಿಸಲಾರದು, ಆದರೆ ಹಣದ ಹೊರೆ ತಗ್ಗಿದ ಮೇಲೂ 231ನೆಯ ವಿಧಿಯ ಅವಮಾನ ಉಳಿದೇ ಇತ್ತು, ಮತ್ತು ನಾಜಿ ಪ್ರಚಾರ ಹೆಚ್ಚಾಗಿ ಬಳಸಿಕೊಂಡದ್ದು ಈ ಎರಡನೆಯದನ್ನು.’ ಈ ವಾಕ್ಯ ಹಿಂದಿನ ಅಂಶವನ್ನು ಮಿತಿಗೊಳಿಸಿ, ಮುಂದಿನ ಅಂಶಕ್ಕೆ ದಾರಿ ಮಾಡಿಕೊಟ್ಟಿದೆ. ನಿಮ್ಮ ಉತ್ತರ ಚರ್ಚೆಯಾಗಿದೆಯೇ ಎಂದು ತಿಳಿಯಲು ಒಂದು ಸುಲಭವಾದ ಪರೀಕ್ಷೆಯಿದೆ. ನಡುವಿನ ವಾಕ್ಯವೃಂದಗಳ ಕ್ರಮವನ್ನು ಅದಲುಬದಲು ಮಾಡಿ ಓದಿ ನೋಡಿ. ಏನೂ ಕೆಡದಿದ್ದರೆ ಅದು ಪಟ್ಟಿ. ಕ್ರಮ ಬದಲಿಸಿದೊಡನೆ ‘ಆದರೆ’, ‘ಇದರಿಂದ’, ‘ಅದಾಗಿಯೂ’ ಎಂಬ ಪದಗಳು ಆಧಾರ ತಪ್ಪಿ ತೂಗಾಡತೊಡಗಿದರೆ ಅದು ಚರ್ಚೆ.

ಚರ್ಚೆಗೆ ತೀರ್ಮಾನ ಬೇಕೇ ಎಂಬ ಪ್ರಶ್ನೆ ವಿದ್ಯಾರ್ಥಿಗಳಲ್ಲಿ ಪದೇ ಪದೇ ಬರುತ್ತದೆ. ಕೆಲವು ಪರೀಕ್ಷೆಗಳ ಅರ್ಥಸೂಚಿಯಲ್ಲಿ ಅದನ್ನು ಸ್ಪಷ್ಟವಾಗಿಯೇ ಕೇಳಲಾಗಿದೆ, ಕೆಲವಲ್ಲಿ ವಿಷಯವನ್ನು ಆಳವಾಗಿ, ಕ್ರಮಬದ್ಧವಾಗಿ ಬರೆಯಿರಿ ಎಂದಷ್ಟೇ ಇದೆ. ಆದ್ದರಿಂದ ನೀವು ಬರೆಯುವ ಪರೀಕ್ಷೆಯ ಸೂಚಿಯನ್ನು ನೋಡುವುದೇ ಸರಿ. ನನ್ನ ಅಭಿಪ್ರಾಯ ಕೇಳಿದರೆ, ಎರಡು ಮೂರು ವಾಕ್ಯಗಳ ತೀರ್ಮಾನ ಯಾವ ಚರ್ಚೆಗೂ ಭಾರವಾಗುವುದಿಲ್ಲ. ಆದರೆ ಅರ್ಧ ಪುಟದ ತೀರ್ಮಾನ ಬರೆದು ಮುಖಗಳ ವೈವಿಧ್ಯವನ್ನು ಕಡಿಮೆ ಮಾಡಿಕೊಳ್ಳುವುದು ನಷ್ಟದ ವ್ಯವಹಾರ.

ಮೌಲ್ಯಮಾಪನ ಮಾಡಿ

ಮೂರರಲ್ಲಿ ಹೆಚ್ಚು ಅಂಕ ಸೋರಿಹೋಗುವುದು ಇಲ್ಲೇ, ಏಕೆಂದರೆ ಚರ್ಚೆಗೆ ಒಂದು ತೀರ್ಪನ್ನು ಅಂಟಿಸಿದರೆ ಮೌಲ್ಯಮಾಪನವಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ತೂಗಬೇಕಾದರೆ ಅಳತೆಗೋಲು ಬೇಕು. ಒಪ್ಪಂದದ ಪಾತ್ರ ‘ದೊಡ್ಡದು’ ಎಂದರೆ ಯಾವುದಕ್ಕೆ ಹೋಲಿಸಿದರೆ ದೊಡ್ಡದು, ಯಾವ ಲೆಕ್ಕದಲ್ಲಿ ದೊಡ್ಡದು ಎಂಬುದು ಉತ್ತರದ ಮೊದಲ ವಾಕ್ಯವೃಂದದಲ್ಲೇ ಕಾಣಬೇಕು. ಈ ಪ್ರಶ್ನೆಗೆ ಎರಡು ಅಳತೆಗೋಲುಗಳು ಚೆನ್ನಾಗಿ ಹೊಂದುತ್ತವೆ. ಒಂದು ಕಾಲದ್ದು: ಕಾರಣ ಎನ್ನಲಾದದ್ದು ಇದ್ದಾಗ ಪರಿಣಾಮವೂ ಇತ್ತೇ, ಕಾರಣ ತೀವ್ರವಾದಾಗ ಪರಿಣಾಮವೂ ತೀವ್ರವಾಯಿತೇ ಎಂದು ನೋಡುವುದು. ಇನ್ನೊಂದು ಸಾಲುವಿಕೆಯದು: ಆ ಕಾರಣವೊಂದೇ ಇದ್ದಿದ್ದರೆ ಅಷ್ಟೇ ಪರಿಣಾಮ ಬರುತ್ತಿತ್ತೇ ಎಂದು ಕೇಳುವುದು.

ಮೊದಲ ಅಳತೆಗೋಲನ್ನು ಹಿಡಿದು ಬರೆದ ಭಾಗ ಹೀಗಿರಬಹುದು:

‘ಒಪ್ಪಂದವೇ ಪ್ರಧಾನ ಕಾರಣವಾಗಿದ್ದರೆ ಅದರ ಗಾಯ ಹಸಿಯಾಗಿದ್ದ ವರ್ಷಗಳಲ್ಲಿ ಪಕ್ಷದ ಬೆಂಬಲ ಹೆಚ್ಚಾಗಿರಬೇಕಿತ್ತು. ಆದರೆ ಸಹಿಯಾಗಿ ಸುಮಾರು ಒಂಬತ್ತು ವರ್ಷ ಕಳೆದ ಮೇಲೂ, 1928ರ ಮೇ ತಿಂಗಳಲ್ಲಿ, ನಾಜಿ ಪಕ್ಷಕ್ಕೆ ದೊರೆತದ್ದು ಶೇಕಡಾ 2.6 ಮತ ಮಾತ್ರ. ಅಲ್ಲಿಂದ 1932ರ ಜುಲೈವರೆಗೆ ಒಪ್ಪಂದದ ಷರತ್ತುಗಳು ಕಠಿಣವಾಗಲಿಲ್ಲ, ಸಡಿಲವಾದವು. ಆದರೂ ಮತ ಶೇಕಡಾ 37.3ಕ್ಕೆ ಏರಿತು. ಈ ಅವಧಿಯಲ್ಲಿ ಬದಲಾದದ್ದು ಉದ್ಯೋಗ ಮತ್ತು ಆದಾಯದ ಸ್ಥಿತಿ. ಆದ್ದರಿಂದ ಬೆಂಬಲ ಯಾವಾಗ ಏರಿತು ಎಂಬುದನ್ನು ಒಪ್ಪಂದ ವಿವರಿಸುವುದಿಲ್ಲ.’

ಇಲ್ಲಿ ಅಂಕಿಗಳು ವಾದದೊಳಗೆ ಸೇರಿ ಕೆಲಸ ಮಾಡುತ್ತಿವೆ. ಇಷ್ಟಕ್ಕೇ ನಿಂತರೂ ಇದು ಸಾಧಾರಣ ಮೌಲ್ಯಮಾಪನವಾಗುತ್ತದೆ. ಮೇಲಿನ ಹಂತಕ್ಕೆ ಏರಬೇಕಾದರೆ ತನ್ನದೇ ವಾದದ ಮಿತಿಯನ್ನು ತೂಗಬೇಕು, ಆಗ ಎರಡನೆಯ ಅಳತೆಗೋಲು ಬಳಕೆಗೆ ಬರುತ್ತದೆ:

‘ಆದರೆ ಕುಸಿತವೊಂದೇ ಸಾಕಾಗಿದ್ದರೆ ಅದೇ ಕುಸಿತಕ್ಕೆ ಸಿಕ್ಕಿದ ಅಮೆರಿಕ ಮತ್ತು ಬ್ರಿಟನ್‌ನಲ್ಲಿಯೂ ಪ್ರಜಾಪ್ರಭುತ್ವ ವ್ಯವಸ್ಥೆಯನ್ನೇ ತಿರಸ್ಕರಿಸುವ ಪಕ್ಷಗಳು ಇಷ್ಟು ಮತ ಗಳಿಸಬೇಕಿತ್ತು. ಹಾಗಾಗಲಿಲ್ಲ. ಜರ್ಮನಿಯಲ್ಲಿ ಬಡತನದ ಸಿಟ್ಟು ಗಣರಾಜ್ಯದ ಮೇಲೆಯೇ ತಿರುಗಲು ಒಂದು ಕಾರಣವೆಂದರೆ, ಆ ಗಣರಾಜ್ಯ ಹುಟ್ಟಿನಿಂದಲೇ ವರ್ಸೇಲ್ಸ್‌ನ ಸಹಿಯ ಕಳಂಕವನ್ನು ಹೊತ್ತಿತ್ತು. ಹೀಗಾಗಿ ಬೆಂಬಲದ ಕಾಲವನ್ನೂ ಗಾತ್ರವನ್ನೂ ನಿರ್ಧರಿಸಿದ್ದು ಕುಸಿತ. ಆ ಬೆಂಬಲ ಯಾವ ದಿಕ್ಕಿಗೆ ಹರಿಯಬೇಕೆಂಬುದನ್ನು ರೂಪಿಸುವಲ್ಲಿ ಒಪ್ಪಂದಕ್ಕೆ ಗಣನೀಯ ಪಾಲಿತ್ತು. ಪಾತ್ರ ನಿಜವಾದದ್ದು, ಆದರೆ ಎರಡನೆಯ ಸ್ಥಾನದ್ದು.’

ಕೊನೆಯ ಎರಡು ವಾಕ್ಯಗಳನ್ನು ಗಮನಿಸಿ. ತೀರ್ಪಿಗೆ ಒಂದು ಪ್ರಮಾಣವಿದೆ, ಒಂದು ಷರತ್ತಿದೆ. ಯಾವುದರಲ್ಲಿ ಒಪ್ಪಂದ ಮುಖ್ಯ, ಯಾವುದರಲ್ಲಿ ಅಲ್ಲ ಎಂದು ಅದು ಬೇರ್ಪಡಿಸಿ ಹೇಳುತ್ತದೆ. ಇದಕ್ಕೆ ಎದುರಾಗಿ ‘ಎರಡೂ ಕಾರಣಗಳು ಸಮಾನವಾಗಿ ಮುಖ್ಯ’ ಎಂಬ ಸಾಲು ತೀರ್ಪಿನ ವೇಷ ತೊಟ್ಟ ನುಣುಚಿಕೊಳ್ಳುವಿಕೆ. ಸಮಾನ ಎಂದು ತೋರಿಸುವುದಕ್ಕೂ ತೂಗಬೇಕಾಗುತ್ತದೆ, ಆ ತೂಕವನ್ನು ತೋರಿಸದೆ ಸಮಾನ ಎಂದವರಿಗೆ ಪರೀಕ್ಷಕರು ಅಂಕ ಕೊಡುವುದು ಕಷ್ಟ. ಮೌಲ್ಯಮಾಪನಕ್ಕೂ ಒಂದು ಪರೀಕ್ಷೆಯಿದೆ. ಕೊನೆಯ ವಾಕ್ಯವೃಂದವನ್ನು ಕೈಯಿಂದ ಮುಚ್ಚಿ, ಉಳಿದದ್ದನ್ನು ಬೇರೆಯವರಿಗೆ ಓದಲು ಕೊಡಿ. ಬರೆದವನ ತೀರ್ಪು ಏನೆಂದು ಅವರು ಊಹಿಸಬಲ್ಲರಾದರೆ ತೂಗುವ ಕೆಲಸ ಉತ್ತರದ ಉದ್ದಕ್ಕೂ ನಡೆದಿದೆ. ಊಹಿಸಲಾಗದಿದ್ದರೆ ತೀರ್ಪು ಕೊನೆಯಲ್ಲಿ ಹೊರಗಿನಿಂದ ಬಂದು ಸೇರಿದೆ.

ವಿಜ್ಞಾನದ ಪ್ರಶ್ನೆಪತ್ರಿಕೆಯಲ್ಲಿ ಇದೇ ಪದ ಬಂದಾಗ ತೂಗಬೇಕಾದದ್ದು ಹೆಚ್ಚಾಗಿ ಒಂದು ವಿಧಾನವನ್ನು ಅಥವಾ ಅದರಿಂದ ಬಂದ ದತ್ತಾಂಶವನ್ನು. ಜಲಸಸ್ಯದಿಂದ ಹೊರಬರುವ ಗುಳ್ಳೆಗಳನ್ನು ಎಣಿಸಿ ದ್ಯುತಿಸಂಶ್ಲೇಷಣೆಯ ವೇಗವನ್ನು ಅಳೆಯುವ ಪ್ರಯೋಗವನ್ನು ಮೌಲ್ಯಮಾಪನ ಮಾಡಿ ಎಂದರೆ, ‘ಗುಳ್ಳೆಗಳ ಗಾತ್ರ ಒಂದೇ ಸಮನಾಗಿರುವುದಿಲ್ಲ, ದೀಪ ಹತ್ತಿರ ಬಂದಂತೆ ನೀರು ಬಿಸಿಯಾಗುತ್ತದೆ’ ಎಂದು ದೋಷ ಹೇಳಿ ನಿಲ್ಲಿಸುವಂತಿಲ್ಲ. ಆ ದೋಷ ತೀರ್ಮಾನವನ್ನು ಎಷ್ಟು ಅಲುಗಿಸುತ್ತದೆ ಎಂದೂ ಹೇಳಬೇಕು. ಬೆಳಕು ಹೆಚ್ಚಾದಂತೆ ವೇಗ ಹೆಚ್ಚಿತು ಎಂಬ ಸ್ಥೂಲ ತೀರ್ಮಾನಕ್ಕೆ ಗುಳ್ಳೆಗಳ ಗಾತ್ರದ ವ್ಯತ್ಯಾಸ ಅಷ್ಟಾಗಿ ಧಕ್ಕೆ ತರದಿರಬಹುದು. ಆದರೆ ಆ ಹೆಚ್ಚಳ ಬೆಳಕಿನದೋ ಬಿಸಿಯದೋ ಎಂಬ ಅನುಮಾನ ತೀರ್ಮಾನದ ಬುಡಕ್ಕೇ ತಾಗುತ್ತದೆ. ಎರಡು ದೋಷಗಳಲ್ಲಿ ಯಾವುದು ಹೆಚ್ಚು ಗಂಭೀರ ಎಂದು ಬೇರ್ಪಡಿಸಿದ ಈ ಕ್ಷಣದಲ್ಲಿ ಉತ್ತರ ದೋಷಗಳ ಪಟ್ಟಿಯಿಂದ ಮೌಲ್ಯಮಾಪನಕ್ಕೆ ಏರುತ್ತದೆ.

ಸಮರ್ಥಿಸಿ

ಸಮರ್ಥನೆಯಲ್ಲಿ ಸಮತೋಲನ ಕೇಳಿಲ್ಲ. ಇದು ಅನೇಕರಿಗೆ, ಅದರಲ್ಲೂ ಓದಿನಲ್ಲಿ ಮುಂದಿರುವವರಿಗೆ, ಒಪ್ಪಿಕೊಳ್ಳಲು ಕಷ್ಟವಾಗುವ ಮಾತು. ಎಲ್ಲ ಪ್ರಶ್ನೆಗೂ ಎರಡು ಬದಿ ತೋರಿಸಬೇಕು ಎಂದು ರೂಢಿಸಿಕೊಂಡವರು ಮೂರನೆಯ ಪ್ರಶ್ನೆಗೂ ಅರ್ಧ ಉತ್ತರವನ್ನು ಒಪ್ಪಂದದ ಪರವಾಗಿ ಬರೆದುಬಿಡುತ್ತಾರೆ. ಅಲ್ಲಿ ಕೇಳಿದ್ದು ಕುಸಿತವೇ ಹೆಚ್ಚಿನ ಕಾರಣ ಎಂಬ ಹೇಳಿಕೆಗೆ ಆಧಾರ. ಎದುರಿನ ವಾದವನ್ನು ತಂದರೂ ಅದನ್ನು ತೆಗೆದುಹಾಕುವುದಕ್ಕಾಗಿ ಮಾತ್ರ ತರಬೇಕು, ಅದೂ ಅವುಗಳಲ್ಲಿ ಅತ್ಯಂತ ಬಲವಾದ ಒಂದನ್ನು.

ಸಮರ್ಥನೆಯ ಪ್ರತಿ ಅಂಶಕ್ಕೂ ಮೂರು ಭಾಗಗಳಿರುತ್ತವೆ: ಹೇಳಿಕೆ, ಪುರಾವೆ, ಮತ್ತು ಆ ಪುರಾವೆ ಈ ಹೇಳಿಕೆಯನ್ನೇ ಯಾಕೆ ಎತ್ತಿಹಿಡಿಯುತ್ತದೆ ಎಂಬ ಜೋಡಣೆ. ಮೂರನೆಯದು ಬಿಟ್ಟುಹೋಗುವುದು ಸಾಮಾನ್ಯ. ‘1930ರಲ್ಲಿ ನಾಜಿ ಪಕ್ಷ ಶೇಕಡಾ 18.3 ಮತ ಪಡೆಯಿತು’ ಎಂಬುದು ಪುರಾವೆ. ಆದರೆ ಅದು ಕುಸಿತದ ಪರವಾಗಿಯೇ ಮಾತಾಡುತ್ತದೆ ಎಂದು ಓದುವವರಿಗೆ ಹೇಗೆ ಗೊತ್ತಾಗಬೇಕು? ‘ಹಿಂದಿನ ಚುನಾವಣೆಗೂ ಇದಕ್ಕೂ ನಡುವೆ ಒಪ್ಪಂದದಲ್ಲಿ ಹೊಸ ಕಠಿಣ ಷರತ್ತು ಸೇರಿರಲಿಲ್ಲ, ಆದರೆ ಅಮೆರಿಕದ ಸಾಲ ಹಿಂದೆ ಸರಿದು ನಿರುದ್ಯೋಗ ಏರಿತ್ತು, ಆದ್ದರಿಂದ ಈ ಏಳು ಪಟ್ಟಿನ ಏರಿಕೆಗೆ ಒಪ್ಪಂದಕ್ಕಿಂತ ಕುಸಿತವೇ ಸರಿಹೊಂದುವ ವಿವರಣೆ’ ಎಂದು ಬರೆದಾಗ ಜೋಡಣೆ ಪೂರ್ಣವಾಗುತ್ತದೆ. ಜೋಡಣೆಯ ವಾಕ್ಯದಲ್ಲಿ ಎದುರು ಕಾರಣದ ಹೆಸರೂ ಬಂದಿರುವುದನ್ನು ನೋಡಿ. ‘ಅದಕ್ಕಿಂತ ಇದು ಹೆಚ್ಚು’ ಎಂಬ ಹೇಳಿಕೆಯನ್ನು ಸಮರ್ಥಿಸುವಾಗ ‘ಇದು ಇದೆ’ ಎಂದು ತೋರಿಸಿದರೆ ಸಾಲದು, ‘ಅದು ಅಷ್ಟಿಲ್ಲ’ ಎಂದೂ ತೋರಿಸಬೇಕಾಗುತ್ತದೆ.

ಎದುರಿನ ಬಲವಾದ ವಾದವನ್ನು ತೆಗೆದುಹಾಕುವ ಬಗೆಯೂ ಇದೇ ಉದಾಹರಣೆಯಲ್ಲಿ ಸಿಗುತ್ತದೆ. ನಾಜಿ ಭಾಷಣಗಳಲ್ಲಿ ವರ್ಸೇಲ್ಸ್‌ನ ಹೆಸರು ಮತ್ತೆ ಮತ್ತೆ ಬರುತ್ತಿತ್ತು, ಹಾಗಾಗಿ ಒಪ್ಪಂದವೇ ಕಾರಣ ಎಂದು ಎದುರು ಪಕ್ಷ ಹೇಳಬಹುದು. ಅದಕ್ಕೆ ಉತ್ತರ: ಅದೇ ಮಾತು 1920ರ ದಶಕದ ಆರಂಭದಿಂದಲೂ ಆ ಪಕ್ಷದ ಬಾಯಲ್ಲಿತ್ತು, ಮಾತು ಬದಲಾಗದೆ ಕೇಳುವವರ ಸಂಖ್ಯೆ ಬದಲಾಯಿತೆಂದರೆ ಬದಲಾವಣೆಯ ಕಾರಣ ಮಾತಿನ ಹೊರಗಿದೆ. ಎರಡು ವಾಕ್ಯದಲ್ಲಿ ಕೆಲಸ ಮುಗಿಯಿತು. ಇದನ್ನೇ ಒಂದು ಪುಟ ಎಳೆದಿದ್ದರೆ ಉತ್ತರ ಮತ್ತೆ ಚರ್ಚೆಯ ಕಡೆಗೆ ಜಾರುತ್ತಿತ್ತು.

ಸಮರ್ಥನೆ ಯಾವಾಗಲೂ ದೀರ್ಘವಾಗಿರಬೇಕೆಂದೇನೂ ಇಲ್ಲ. ಗಣಿತದಲ್ಲಿ ‘5, 12, 13 ಸೆಂ.ಮೀ. ಬಾಹುಗಳ ತ್ರಿಭುಜ ಲಂಬಕೋನ ತ್ರಿಭುಜವೇ? ಸಮರ್ಥಿಸಿ’ ಎಂದು ಕೇಳಿದರೆ 5² + 12² = 25 + 144 = 169 = 13² ಎಂದು ತೋರಿಸಿ, ಪೈಥಾಗೊರಸ್ ಪ್ರಮೇಯದ ವಿಲೋಮದ ಪ್ರಕಾರ ಇದು ಲಂಬಕೋನ ತ್ರಿಭುಜ ಎಂದರೆ ಮುಗಿಯಿತು. ಇಲ್ಲಿಯೂ ಮೂರು ಭಾಗಗಳಿವೆ, ಮೂರನೆಯದು ವಿಲೋಮದ ಉಲ್ಲೇಖ. ಲೆಕ್ಕ ಸರಿಯಾಗಿದ್ದೂ ಒಂದು ಅಂಕ ಕೈತಪ್ಪಿದರೆ ಮೊದಲು ನೋಡಬೇಕಾದದ್ದು ಆ ಉಲ್ಲೇಖ ಇದೆಯೇ ಎಂದು.

ಆಳ ಎಷ್ಟು?

ಸೂಚನಾಪದ ಉತ್ತರದ ಬಗೆಯನ್ನು ಹೇಳಿದರೆ ಅಂಕ ಅದರ ಹರವನ್ನು ಹೇಳುತ್ತದೆ, ಈ ಎರಡನ್ನೂ ಸೇರಿಸಿ ಓದಬೇಕು. ಕಡಿಮೆ ಅಂಕದ ಮೌಲ್ಯಮಾಪನಕ್ಕೆ ಅಂಶಗಳು ಕಡಿಮೆಯಾಗಬಹುದು, ಆದರೆ ತೂಗುವಿಕೆ ಬಿಟ್ಟುಹೋಗುವಂತಿಲ್ಲ. ಪರ ಒಂದು, ವಿರೋಧ ಒಂದು, ಎರಡನ್ನೂ ಹೋಲಿಸುವ ಒಂದು ತೀರ್ಪು ಎಂದಾದರೂ ಇರಲೇಬೇಕು. ಸಮಯ ಕಡಿಮೆಯಿದ್ದಾಗ ವಿದ್ಯಾರ್ಥಿಗಳು ಮಾಡುವುದು ಇದಕ್ಕೆ ತದ್ವಿರುದ್ಧ: ಆರು ಅಂಶಗಳನ್ನು ಅವಸರದಲ್ಲಿ ಬರೆದು ತೀರ್ಪನ್ನು ಕೈಬಿಡುತ್ತಾರೆ. ಹಂತಗಳ ಆಧಾರದ ಮೇಲೆ ಅಂಕ ಕೊಡುವ ಪರೀಕ್ಷೆಗಳಲ್ಲಿ ಇದು ದುಬಾರಿ ತಪ್ಪು. ಅಲ್ಲಿ ಪರೀಕ್ಷಕರು ಅಂಶಗಳನ್ನು ಎಣಿಸದೆ, ಉತ್ತರ ಒಟ್ಟಾರೆ ಯಾವ ಹಂತದ ವಿವರಣೆಗೆ ಹೊಂದುತ್ತದೆ ಎಂದು ನೋಡುತ್ತಾರೆ. ಮೇಲಿನ ಹಂತದ ವಿವರಣೆಯಲ್ಲಿ ಆಧಾರಸಹಿತ ತೀರ್ಪು ಎಂದಿದ್ದರೆ, ತೀರ್ಪಿಲ್ಲದ ಉತ್ತರ ಎಷ್ಟೇ ಮಾಹಿತಿ ತುಂಬಿದ್ದರೂ ಆ ಹಂತವನ್ನು ಮುಟ್ಟುವುದಿಲ್ಲ.

ಇನ್ನೊಂದು ಗಡಿಯನ್ನು ಹಾಕುವುದು ಪ್ರಶ್ನೆಯ ವಿಷಯಭಾಗ. ನಮ್ಮ ಪ್ರಶ್ನೆ ಕೇಳಿದ್ದು ‘ಜನಬೆಂಬಲ’ದ ಬಗ್ಗೆ. ಅದರ ಬದಲು ‘ನಾಜಿ ಪಕ್ಷ ಅಧಿಕಾರಕ್ಕೆ ಬಂದುದರಲ್ಲಿ’ ಎಂದಿದ್ದರೆ ಉತ್ತರವೇ ಬೇರೆಯಾಗುತ್ತಿತ್ತು. 1932ರ ನವೆಂಬರ್ ಚುನಾವಣೆಯಲ್ಲಿ ಪಕ್ಷದ ಮತ ಶೇಕಡಾ 33.1ಕ್ಕೆ ಇಳಿದಿತ್ತು, ಆದರೂ 1933ರ ಜನವರಿ 30ರಂದು ಅಧ್ಯಕ್ಷ ಹಿಂಡೆನ್‌ಬರ್ಗ್ ಹಿಟ್ಲರನನ್ನು ಚಾನ್ಸಲರ್ ಆಗಿ ನೇಮಿಸಿದರು. ಬೆಂಬಲ ಇಳಿಯುತ್ತಿರುವಾಗ ಅಧಿಕಾರ ಸಿಕ್ಕಿದೆ ಎಂದಮೇಲೆ ಅಧಿಕಾರದ ಪ್ರಶ್ನೆಗೆ ಮಾಜಿ ಚಾನ್ಸಲರ್ ಫಾನ್ ಪಾಪೆನ್ ಮತ್ತು ಹಿಂಡೆನ್‌ಬರ್ಗ್ ಸುತ್ತಲಿನವರ ರಾಜಕೀಯ ಲೆಕ್ಕಾಚಾರ ಬರಲೇಬೇಕು, ಬೆಂಬಲದ ಪ್ರಶ್ನೆಗೆ ಅದು ಬೇಕಿಲ್ಲ. ಸೂಚನಾಪದವನ್ನು ಸರಿಯಾಗಿ ಓದಿ ವಿಷಯಭಾಗವನ್ನು ಸಡಿಲವಾಗಿ ಓದಿದವರ ಉತ್ತರವೂ ಹೀಗೆ ದಾರಿ ತಪ್ಪುತ್ತದೆ.

ಪದವೊಂದು, ಬೇಡಿಕೆ ಇನ್ನೊಂದು

ಪ್ರಶ್ನೆ ತಯಾರಿಸುವವರೆಲ್ಲ ಈ ಪದಗಳನ್ನು ಇಷ್ಟೇ ಕಟ್ಟುನಿಟ್ಟಾಗಿ ಬಳಸುತ್ತಾರೆ ಎಂದು ಭಾವಿಸಬಾರದು. ಅರ್ಥಸೂಚಿಯನ್ನು ಪ್ರಕಟಿಸದ ಪರೀಕ್ಷೆಗಳಲ್ಲಿ ‘ಚರ್ಚಿಸಿ’ ಎಂಬುದು ಎಷ್ಟೋ ಸಲ ‘ವಿವರಿಸಿ’ ಎಂಬುದರ ಗಂಭೀರ ರೂಪವಾಗಿ ಮಾತ್ರ ಬರುತ್ತದೆ. ‘ವರ್ಸೇಲ್ಸ್ ಒಪ್ಪಂದದ ಪ್ರಮುಖ ಷರತ್ತುಗಳನ್ನು ಚರ್ಚಿಸಿ’ ಎಂಬ ಪ್ರಶ್ನೆಯಲ್ಲಿ ವಾದಕ್ಕೆ ಎಡೆಯೇ ಇಲ್ಲ. ಷರತ್ತುಗಳು ದಾಖಲೆಯಲ್ಲಿವೆ, ಅವನ್ನು ಕ್ರಮವಾಗಿ ವಿವರಿಸಿ ಪ್ರತಿಯೊಂದರ ಪರಿಣಾಮವನ್ನು ಒಂದೆರಡು ವಾಕ್ಯದಲ್ಲಿ ಸೇರಿಸಿದರೆ ಸಾಕು. ಪ್ರಶ್ನೆಯಲ್ಲಿ ‘ಪಾತ್ರ’, ‘ಕಾರಣ’, ‘ಯಶಸ್ಸು’, ‘ಪರಿಣಾಮಕಾರಿತ್ವ’ದಂಥ, ಜನ ಭಿನ್ನಾಭಿಪ್ರಾಯ ಹೊಂದಬಹುದಾದ ಪದ ಇದೆಯೇ ಎಂದು ನೋಡಿದರೆ ನಿಜವಾದ ಚರ್ಚೆ ಬೇಕೋ ಬೇಡವೋ ತಿಳಿಯುತ್ತದೆ.

ಇದಕ್ಕೆ ವಿರುದ್ಧವಾಗಿ, ‘ಮೌಲ್ಯಮಾಪನ’ ಎಂಬ ಪದವೇ ಇಲ್ಲದೆ ಅದನ್ನೇ ಕೇಳುವ ಪ್ರಶ್ನೆಗಳೂ ಇವೆ. ‘ಎಷ್ಟರ ಮಟ್ಟಿಗೆ’ ಎಂದಿದ್ದರೆ ಪ್ರಮಾಣವಿರುವ ತೀರ್ಪು ಬೇಕು. ‘ವಿಮರ್ಶಾತ್ಮಕವಾಗಿ ಪರಿಶೀಲಿಸಿ’ ಎಂದಿದ್ದರೆ ತಪ್ಪುಗಳನ್ನಷ್ಟೇ ಹುಡುಕುವುದಲ್ಲ, ಬಲವನ್ನೂ ಮಿತಿಯನ್ನೂ ಕೂಡಿಯೇ ತೂಗಬೇಕು. ‘ನೀವು ಒಪ್ಪುವಿರಾ? ನಿಮ್ಮ ಉತ್ತರವನ್ನು ಸಮರ್ಥಿಸಿ’ ಎಂದಿದ್ದರೆ ಹೌದು ಅಥವಾ ಇಲ್ಲ ಎಂಬುದಕ್ಕೆ ಅಂಕ ಇರುವುದು ಅಪರೂಪ, ಅಂಕವಿರುವುದು ಆಧಾರಕ್ಕೆ. ಆದ್ದರಿಂದ ಯಾವ ಬದಿಗೆ ನಿಮ್ಮಲ್ಲಿ ಪುರಾವೆ ಹೆಚ್ಚಿದೆಯೋ ಆ ಬದಿಯನ್ನು ಹಿಡಿಯುವುದರಲ್ಲಿ ತಪ್ಪಿಲ್ಲ.

ಒಂದೇ ಪ್ರಶ್ನೆಯಲ್ಲಿ ಎರಡು ಸೂಚನಾಪದಗಳು ಬರುವುದೂ ಉಂಟು: ‘ಒಪ್ಪಂದದ ಷರತ್ತುಗಳನ್ನು ವಿವರಿಸಿ ಮತ್ತು ಅವುಗಳ ನ್ಯಾಯಸಮ್ಮತತೆಯನ್ನು ಮೌಲ್ಯಮಾಪನ ಮಾಡಿ.’ ಇಂಥಲ್ಲಿ ವಿವರಣೆ ಸುಲಭವಾದ್ದರಿಂದ ಸಮಯವೆಲ್ಲ ಅದಕ್ಕೇ ಹೋಗುತ್ತದೆ. ಎರಡೂ ಭಾಗಗಳ ಅಂಕವನ್ನು ಪ್ರಶ್ನೆಪತ್ರಿಕೆ ಬೇರ್ಪಡಿಸಿ ಕೊಡದಿದ್ದರೆ, ಅರ್ಧಕ್ಕಿಂತ ಹೆಚ್ಚು ಸಮಯವನ್ನು ಎರಡನೆಯದಕ್ಕೆ ಮೀಸಲಿಡುವುದು ಲೇಸು. ಮೌಲ್ಯಮಾಪನದೊಳಗೆ ಷರತ್ತುಗಳು ಹೇಗೂ ಮತ್ತೆ ಬರುತ್ತವೆ, ವಿವರಣೆಯೊಳಗೆ ತೀರ್ಪು ತಾನಾಗಿ ಬರುವುದಿಲ್ಲ.

ಹಳೆಯ ಪ್ರಶ್ನೆಪತ್ರಿಕೆಗಳನ್ನು ಈ ದೃಷ್ಟಿಯಿಂದ ಬಳಸಬೇಕಾದರೆ ಪೂರ್ತಿ ಉತ್ತರ ಬರೆಯುವ ಅಗತ್ಯವಿಲ್ಲ. ಈಗಾಗಲೇ ಬರೆದಿರುವ ಒಂದು ಉತ್ತರವನ್ನು ತೆಗೆದುಕೊಂಡು, ಪ್ರಶ್ನೆಯ ಸೂಚನಾಪದವನ್ನು ಮಾತ್ರ ಬದಲಿಸಿ. ನಂತರ ಪ್ರತಿ ವಾಕ್ಯವೃಂದದ ಮೊದಲ ವಾಕ್ಯವನ್ನೂ ಕೊನೆಯ ವಾಕ್ಯವೃಂದವನ್ನೂ ಮಾತ್ರ ಹೊಸದಾಗಿ ಬರೆಯಿರಿ. ‘ಚರ್ಚಿಸಿ’ಯಿಂದ ‘ಸಮರ್ಥಿಸಿ’ಗೆ ಹೋಗುವಾಗ ಎದುರು ಬದಿಯ ವಾಕ್ಯವೃಂದಗಳು ಒಂದೆರಡು ವಾಕ್ಯಕ್ಕೆ ಕುಗ್ಗಬೇಕು, ‘ಮೌಲ್ಯಮಾಪನ ಮಾಡಿ’ಗೆ ಹೋಗುವಾಗ ಪ್ರತಿ ಮೊದಲ ವಾಕ್ಯದಲ್ಲೂ ಅಳತೆಗೋಲು ಕಾಣಿಸಿಕೊಳ್ಳಬೇಕು. ಹೊಸದಾಗಿ ಬರೆದ ವಾಕ್ಯಗಳು ಹಳೆಯವುಗಳಂತೆಯೇ ಇದ್ದರೆ ಮೊದಲ ಉತ್ತರ ಯಾವ ಸೂಚನೆಯನ್ನೂ ಪಾಲಿಸಿರಲಿಲ್ಲ ಎಂದು ಅರ್ಥ. ಆಗ ಆ ಪರೀಕ್ಷೆಯ ಪ್ರಕಟಿತ ಅಂಕಸೂಚಿ ಸಿಗುವುದಾದರೆ ಅದನ್ನು ಪಕ್ಕದಲ್ಲಿಟ್ಟುಕೊಂಡು, ಮೇಲಿನ ಎರಡು ಹಂತಗಳ ವಿವರಣೆಯಲ್ಲಿ ಏನು ಬೇರೆಯಿದೆ ಎಂದು ಮೊದಲು ಓದಿ, ನಂತರ ಉತ್ತರವನ್ನು ತಿದ್ದಲು ಕೈಹಾಕಿ.